ಸೊನ್ನೆಗಳನ್ನು ಬಿಟ್ಟು ಗುಣಿಸುವ ಕ್ರಮ: ವಿರಳ ಮಾತೃಕೆಯ ಅಡ್ಡಸಾಲು ಸಂಗ್ರಹ

ಚೌಕಾಕಾರದ ಲೋಹದ ಫಲಕವೊಂದರ ನಾಲ್ಕು ಅಂಚುಗಳ ಉಷ್ಣತೆ ಗೊತ್ತಿದ್ದು, ಒಳಗಿನ ಪ್ರತಿಯೊಂದು ಜಾಗದಲ್ಲಿ ಅದು ಕೊನೆಗೆ ಎಷ್ಟಕ್ಕೆ ನಿಲ್ಲುತ್ತದೆ ಎಂಬುದನ್ನು ಲೆಕ್ಕ ಹಾಕಬೇಕಾದಾಗ, ಫಲಕದ ಮೇಲೆ ಅಡ್ಡಕ್ಕೆ ಸಾವಿರ, ಉದ್ದಕ್ಕೆ ಸಾವಿರ ಬಿಂದುಗಳ ಜಾಲವನ್ನು ಕಲ್ಪಿಸಿಕೊಂಡು, ಪ್ರತಿ ಬಿಂದುವಿನ ಉಷ್ಣತೆಯು ಅದರ ಎಡ, ಬಲ, ಮೇಲೆ ಮತ್ತು ಕೆಳಗಿನ ನೆರೆಬಿಂದುಗಳ ಉಷ್ಣತೆಯ ಸರಾಸರಿಗೆ ಸಮನಾಗಿರುತ್ತದೆ ಎಂಬ ಸಮೀಕರಣವನ್ನು ಬರೆಯುವುದು ರೂಢಿಯಲ್ಲಿರುವ ವಿಧಾನ. ಬಿಂದುಗಳು ಹತ್ತು ಲಕ್ಷ ಇರುವುದರಿಂದ ಸಮೀಕರಣಗಳೂ ಹತ್ತು ಲಕ್ಷ ಆಗುತ್ತವೆ, ಅವುಗಳ ಗುಣಾಂಕಗಳನ್ನು ಒಂದೆಡೆ ಜೋಡಿಸಿದರೆ ಹತ್ತು ಲಕ್ಷ ಅಡ್ಡಸಾಲು ಮತ್ತು ಹತ್ತು ಲಕ್ಷ ಕಂಬಸಾಲುಗಳ ಮಾತೃಕೆ ದೊರೆಯುತ್ತದೆ. ಇದರಲ್ಲಿ ಒಟ್ಟು ಒಂದು ಲಕ್ಷ ಕೋಟಿ ಮನೆಗಳಿದ್ದು, ಪ್ರತಿ ಮನೆಗೆ 8 ಬೈಟ್‌ನಂತೆ ಎಲ್ಲವನ್ನೂ ಮೆಮೊರಿಯಲ್ಲಿ ಇಡಲು 8 ಟೆರಾಬೈಟ್ ಜಾಗ ಬೇಕಾಗುತ್ತದೆ. ಆದರೆ ಯಾವ ಅಡ್ಡಸಾಲಿನಲ್ಲೂ ಐದಕ್ಕಿಂತ ಹೆಚ್ಚು ಅಂಶಗಳು ಸೊನ್ನೆಯಲ್ಲದವು ಆಗಿರುವುದಿಲ್ಲ: ಆ ಬಿಂದುವಿನದೇ ಆದ 4, ಮತ್ತು ಪ್ರತಿ ನೆರೆಬಿಂದುವಿಗೆ ಒಂದರಂತೆ -1. ಇಡೀ ಮಾತೃಕೆಯಲ್ಲಿ ಬೆಲೆಯುಳ್ಳ ಅಂಶಗಳು 49,96,000 ಮಾತ್ರ; ಉಳಿದದ್ದೆಲ್ಲ ಸೊನ್ನೆ.

ಹೀಗೆ ಬಹುಪಾಲು ಸೊನ್ನೆಗಳಿಂದಲೇ ತುಂಬಿರುವ ಮಾತೃಕೆಗೆ ವಿರಳ ಮಾತೃಕೆ ಎಂದು ಹೆಸರು. ಇಂಥ ಮಾತೃಕೆಯಲ್ಲಿ ಸೊನ್ನೆಯಲ್ಲದ ಅಂಶಗಳನ್ನು ಮಾತ್ರ, ಅವು ಎಲ್ಲಿದ್ದವು ಎಂಬ ಗುರುತಿನೊಡನೆ, ಅಡ್ಡಸಾಲುಗಳ ಅನುಕ್ರಮದಲ್ಲಿ ಒತ್ತೊತ್ತಾಗಿ ಜೋಡಿಸಿಡುವ ಪದ್ಧತಿಯನ್ನು ಸಂಕುಚಿತ ಅಡ್ಡಸಾಲು ಸಂಗ್ರಹ ಎನ್ನಬಹುದು. ಗಣಕ ಕ್ಷೇತ್ರದಲ್ಲಿ ಇದು ಸಿಎಸ್ಆರ್ ಎಂದೇ ಪರಿಚಿತ. 1977ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ವಿರಳ ಮಾತೃಕೆಗಳ ಪ್ರೋಗ್ರಾಂ ಸಂಗ್ರಹವು ಇದನ್ನು ಬಳಸಿದ್ದರಿಂದ ಯೇಲ್ ಕ್ರಮ ಎಂಬ ಹೆಸರೂ ಬಳಕೆಯಲ್ಲಿದೆ. ಸೊನ್ನೆಗಳನ್ನು ಬಿಟ್ಟು ಲೆಕ್ಕ ಮಾಡುವ ಯೋಚನೆ ಅದಕ್ಕಿಂತ ಹಳೆಯದು. ವಿದ್ಯುತ್ ಪ್ರಸರಣ ಜಾಲಗಳ ಸಮೀಕರಣಗಳನ್ನು ಬಿಡಿಸಲು ಟಿನ್ನಿ ಮತ್ತು ವಾಕರ್ 1967ರಲ್ಲೇ ಈ ದಾರಿಯನ್ನು ತೋರಿಸಿದ್ದರು.

ಮಾತೃಕೆಯನ್ನು ಹೀಗೆ ಇಟ್ಟುಕೊಳ್ಳುವ ಮುಖ್ಯ ಉದ್ದೇಶ ಅದನ್ನು ಸದಿಶದಿಂದ, ಅಂದರೆ ಒಂದೇ ಸಾಲಿನಲ್ಲಿ ಬರೆದ ಸಂಖ್ಯೆಗಳ ಸಮೂಹದಿಂದ, ಗುಣಿಸುವುದು. 1952ರಲ್ಲಿ ಹೆಸ್ಟೆನ್ಸ್ ಮತ್ತು ಸ್ಟೀಫೆಲ್ ಪ್ರಕಟಿಸಿದ ಕಾಂಜುಗೇಟ್ ಗ್ರೇಡಿಯಂಟ್ ವಿಧಾನವನ್ನು ಹೋಲುವ ಪುನರಾವರ್ತಕ ವಿಧಾನಗಳು ಮಾತೃಕೆಯ ಒಳಗನ್ನು ಬಿಡಿಬಿಡಿಯಾಗಿ ನೋಡುವುದೇ ಇಲ್ಲ. ಪ್ರತಿ ಸುತ್ತಿನಲ್ಲೂ ಒಂದು ಸದಿಶವನ್ನು ಕೊಟ್ಟು, ಗುಣಲಬ್ಧವನ್ನಷ್ಟೇ ಕೇಳುತ್ತವೆ. ಆದ್ದರಿಂದ ಈ ಒಂದು ಗುಣಾಕಾರವು ನೂರಾರು, ಕೆಲವೊಮ್ಮೆ ಸಾವಿರಾರು ಸಲ ನಡೆಯುತ್ತದೆ.

ಮೂರು ಪಟ್ಟಿಗಳು

ಸಂಗ್ರಹದ ರಚನೆಯನ್ನು ತಿಳಿಯಲು ಕೈಯಲ್ಲೇ ಲೆಕ್ಕ ಹಾಕಬಹುದಾದ ಐದು ಅಡ್ಡಸಾಲು, ಐದು ಕಂಬಸಾಲುಗಳ ಈ ಮಾತೃಕೆ ಸಾಕು. ಸಿ ಮತ್ತು ಪೈಥಾನ್ ಭಾಷೆಗಳ ರೂಢಿಯಂತೆ ಸಾಲುಗಳ ಎಣಿಕೆಯನ್ನು ಇಲ್ಲಿ ಸೊನ್ನೆಯಿಂದ ಆರಂಭಿಸಲಾಗಿದೆ.

```
4 0 0 1 0
0 3 0 0 0
2 0 5 0 6
0 0 0 0 0
0 7 0 8 9
```

ಮೂರನೆಯ ಕ್ರಮಸಂಖ್ಯೆಯ ಅಡ್ಡಸಾಲನ್ನು ಉದ್ದೇಶಪೂರ್ವಕವಾಗಿಯೇ ಖಾಲಿ ಬಿಡಲಾಗಿದೆ. ಈ ಕ್ರಮವನ್ನು ಹೊಸದಾಗಿ ಬರೆಯುವವರ ಪ್ರೋಗ್ರಾಂ ತಪ್ಪುವುದು ಹೆಚ್ಚಾಗಿ ಅಂಥ ಸಾಲಿನಲ್ಲೇ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಪ್ರತಿ ಸಾಲಿನಲ್ಲಿ ಎಡದಿಂದ ಬಲಕ್ಕೆ ಸಾಗುತ್ತ ಸೊನ್ನೆಯಲ್ಲದ ಒಂಬತ್ತು ಅಂಶಗಳನ್ನು ಬರೆದುಕೊಂಡರೆ ಅದು ಬೆಲೆಗಳ ಪಟ್ಟಿ, ಅಂದರೆ `val`. ಆ ಒಂದೊಂದು ಅಂಶವೂ ಯಾವ ಕಂಬಸಾಲಿನಲ್ಲಿತ್ತು ಎಂಬುದನ್ನು ಅದೇ ಅನುಕ್ರಮದಲ್ಲಿ ಬರೆದರೆ ಅದು ಕಂಬಸಾಲುಗಳ ಪಟ್ಟಿ, ಅಂದರೆ `col`. ಮೂರನೆಯದಾದ `ptr` ಪಟ್ಟಿಯು ಪ್ರತಿ ಅಡ್ಡಸಾಲಿನ ಅಂಶಗಳು ಮೊದಲ ಎರಡು ಪಟ್ಟಿಗಳಲ್ಲಿ ಎಷ್ಟನೆಯ ಸ್ಥಾನದಿಂದ ಆರಂಭವಾಗುತ್ತವೆ ಎಂಬುದನ್ನು ಹೇಳುತ್ತದೆ.

```
val = 4 1 3 2 5 6 7 8 9
col = 0 3 1 0 2 4 1 3 4
ptr = 0 2 3 6 6 9
```

ಪುಸ್ತಕದ ಪರಿವಿಡಿಯು ಪ್ರತಿ ಅಧ್ಯಾಯ ಆರಂಭವಾಗುವ ಪುಟವನ್ನು ಮಾತ್ರ ಹೇಳಿ, ಅದು ಮುಗಿಯುವ ಪುಟವನ್ನು ಮುಂದಿನ ಅಧ್ಯಾಯದ ಆರಂಭದಿಂದಲೇ ಊಹಿಸಿಕೊಳ್ಳಲು ಬಿಡುವಂತೆ, `ptr` ಕೂಡ ಆರಂಭಸ್ಥಾನಗಳನ್ನಷ್ಟೇ ಇಟ್ಟುಕೊಂಡಿರುತ್ತದೆ. ಎರಡನೆಯ ಕ್ರಮಸಂಖ್ಯೆಯ ಅಡ್ಡಸಾಲು 3ನೆಯ ಸ್ಥಾನದಿಂದ ಆರಂಭವಾಗುತ್ತದೆ, ಅದರ ಮುಂದಿನ ಸಾಲು 6ರಿಂದ ಆರಂಭವಾಗುತ್ತದೆ. ಆದ್ದರಿಂದ 3, 4, 5ನೆಯ ಸ್ಥಾನಗಳಲ್ಲಿರುವ ಮೂರು ಅಂಶಗಳು ಎರಡನೆಯ ಸಾಲಿಗೆ ಸೇರಿದವು. ಖಾಲಿ ಸಾಲು 6ರಿಂದ ಆರಂಭವಾಗುತ್ತದೆ, ಅದರ ಮುಂದಿನದೂ 6ರಿಂದಲೇ ಆರಂಭವಾಗುತ್ತದೆ. ಎರಡರ ವ್ಯತ್ಯಾಸ ಸೊನ್ನೆಯಾದ್ದರಿಂದ ಆ ಸಾಲಿನಲ್ಲಿ ಏನೂ ಇಲ್ಲವೆಂದು, ಪ್ರತ್ಯೇಕ ಗುರುತಿನ ಅಗತ್ಯವಿಲ್ಲದೆ, ತಾನಾಗಿಯೇ ತಿಳಿಯುತ್ತದೆ. ಕೊನೆಯ ಸಾಲಿಗೆ ಮುಂದಿನ ಸಾಲು ಇಲ್ಲವಾದ್ದರಿಂದ ಅದು ಎಲ್ಲಿ ಮುಗಿಯುತ್ತದೆ ಎಂಬುದನ್ನು ತಿಳಿಸಲು ಒಟ್ಟು ಅಂಶಗಳ ಸಂಖ್ಯೆಯಾದ 9ನ್ನು ಹೆಚ್ಚುವರಿಯಾಗಿ ಸೇರಿಸಲಾಗುತ್ತದೆ. ಹೀಗಾಗಿ ಐದು ಸಾಲುಗಳಿಗೆ `ptr`ನಲ್ಲಿ ಆರು ಸಂಖ್ಯೆಗಳಿರುತ್ತವೆ. ಈ ಆರನೆಯದನ್ನು ದಂಡವೆಂದು ಭಾವಿಸಿ ಬಿಟ್ಟವರು ಕೊನೆಯ ಸಾಲಿಗಾಗಿ ಬೇರೆಯದೇ ಷರತ್ತನ್ನು ಬರೆಯಬೇಕಾಗುತ್ತದೆ, ಆ ಷರತ್ತು ಮುಂದೆ ಎಲ್ಲ ಕಡೆಯೂ ಬೆನ್ನು ಹತ್ತುತ್ತದೆ.

ಬೆಲೆಗಳಿಗೆ 8 ಬೈಟ್, ಉಳಿದೆರಡು ಪಟ್ಟಿಗಳ ಪೂರ್ಣಾಂಕಗಳಿಗೆ 4 ಬೈಟ್ ಎಂದು ಹಿಡಿದರೆ ಈ ಪುಟ್ಟ ಮಾತೃಕೆಗೆ 132 ಬೈಟ್ ಸಾಕಾಗುತ್ತದೆ. ಪೂರ್ತಿ ಬರೆದಿದ್ದರೆ 200 ಬೈಟ್ ಬೇಕಿತ್ತು. ಇಲ್ಲಿ ಉಳಿತಾಯ ಅಲ್ಪವೇ ಸರಿ, ಆದರೆ ಲೋಹದ ಫಲಕದ ಮಾತೃಕೆಯಲ್ಲಿ ಅದೇ ಲೆಕ್ಕ ಬೇರೆಯ ಸ್ವರೂಪವನ್ನು ಪಡೆಯುತ್ತದೆ: ಬೆಲೆಗಳಿಗೆ 3,99,68,000 ಬೈಟ್, ಕಂಬಸಾಲುಗಳಿಗೆ 1,99,84,000 ಬೈಟ್, ಆರಂಭಸ್ಥಾನಗಳಿಗೆ 40,00,004 ಬೈಟ್, ಒಟ್ಟು ಸುಮಾರು 64 ಮೆಗಾಬೈಟ್. 8 ಟೆರಾಬೈಟ್ ಬೇಡುತ್ತಿದ್ದ ಮಾತೃಕೆ ಸಾಮಾನ್ಯ ಲ್ಯಾಪ್‌ಟಾಪಿನ ಮೆಮೊರಿಯ ಒಂದು ಮೂಲೆಯಲ್ಲಿ ಕೂರುತ್ತದೆ.

ತ್ರಿವಳಿಗಳಿಂದ ಕಟ್ಟುವುದು

ವ್ಯವಹಾರದಲ್ಲಿ ಮಾತೃಕೆಯು ಮೇಲೆ ತೋರಿಸಿದಂತೆ ಸಾಲಾಗಿ ಕೈಗೆ ಸಿಗುವುದು ಅಪರೂಪ. ಅಡ್ಡಸಾಲು, ಕಂಬಸಾಲು, ಬೆಲೆ ಎಂಬ ಮೂರು ಮೂರು ಸಂಖ್ಯೆಗಳ ತ್ರಿವಳಿಗಳು ಯಾವ ಅನುಕ್ರಮವೂ ಇಲ್ಲದೆ ಒಂದರ ಹಿಂದೆ ಒಂದು ಬರುತ್ತವೆ, ಅವನ್ನು ಸಾಲುವಾರು ವಿಂಗಡಿಸಬೇಕಾಗುತ್ತದೆ. ಸಿದ್ಧವಾದ ಸಿಎಸ್ಆರ್ ಪಟ್ಟಿಗೆ ತ್ರಿವಳಿಗಳನ್ನು ಬಂದ ಹಾಗೆಯೇ ಒಂದೊಂದಾಗಿ ತುರುಕಲು ಹೋಗುವುದು ಕೆಟ್ಟ ಉಪಾಯ, ಏಕೆಂದರೆ ನಡುವೆ ಒಂದು ಅಂಶ ಸೇರಿದರೆ ಅದರ ಮುಂದಿನ ಎಲ್ಲ ಬೆಲೆಗಳನ್ನೂ ಕಂಬಸಾಲುಗಳನ್ನೂ ಒಂದು ಸ್ಥಾನ ಮುಂದಕ್ಕೆ ಸರಿಸಿ, ಅದರ ಕೆಳಗಿನ ಎಲ್ಲ ಸಾಲುಗಳ ಆರಂಭಸ್ಥಾನಗಳಿಗೂ ಒಂದನ್ನು ಕೂಡಿಸಬೇಕಾಗುತ್ತದೆ. ಸೈಪೈ ಗ್ರಂಥಾಲಯದಲ್ಲಿ ಈ ಕೆಲಸಕ್ಕೆ ಕೈ ಹಾಕಿದವರಿಗೆ `SparseEfficiencyWarning` ಎಂಬ ಎಚ್ಚರಿಕೆ ಪರದೆಯ ಮೇಲೆ ಕಾಣಿಸಿಕೊಳ್ಳುವುದು ಈ ಕಾರಣಕ್ಕೇ.

ಸರಿಯಾದ ದಾರಿಯೆಂದರೆ ತ್ರಿವಳಿಗಳನ್ನೆಲ್ಲ ಮೊದಲು ಕೂಡಿಟ್ಟುಕೊಂಡು, ಅವುಗಳ ಮೇಲೆ ಎರಡು ಸಲ ಹಾದುಹೋಗುವುದು. ಮೊದಲ ಸಲ ಪ್ರತಿ ಅಡ್ಡಸಾಲಿಗೆ ಎಷ್ಟು ಅಂಶಗಳು ಸೇರುತ್ತವೆ ಎಂಬುದನ್ನಷ್ಟೇ ಎಣಿಸಲಾಗುತ್ತದೆ. ಆ ಎಣಿಕೆಗಳ ಸಂಚಿತ ಮೊತ್ತವೇ, ಅಂದರೆ ಪ್ರತಿ ಹಂತದವರೆಗಿನ ಒಟ್ಟು ಮೊತ್ತಗಳ ಸಾಲೇ, `ptr` ಆಗುತ್ತದೆ. ಎರಡನೆಯ ಸಲ ಪ್ರತಿ ತ್ರಿವಳಿಯನ್ನೂ ಅದರ ಸಾಲಿಗೆ ಮೀಸಲಾದ ಮುಂದಿನ ಖಾಲಿ ಸ್ಥಾನದಲ್ಲಿ ಇಡಲಾಗುತ್ತದೆ. ಕೆಳಗಿನ ತುಣುಕಿನಲ್ಲಿ `r`, `c`, `v` ಎಂಬವು ತ್ರಿವಳಿಗಳ ಮೂರು ಭಾಗಗಳು, `nnz` ಎಂಬುದು ಸೊನ್ನೆಯಲ್ಲದ ಅಂಶಗಳ ಸಂಖ್ಯೆ, `n` ಎಂಬುದು ಅಡ್ಡಸಾಲುಗಳ ಸಂಖ್ಯೆ. `ptr` ಪಟ್ಟಿಯ ಎಲ್ಲ ಮನೆಗಳನ್ನೂ ಮೊದಲೇ ಸೊನ್ನೆ ಮಾಡಿಟ್ಟುಕೊಂಡಿರಬೇಕು.

```c
for (int t = 0; t < nnz; t++) ptr[r[t] + 1]++;
for (int i = 0; i < n; i++)   ptr[i + 1] += ptr[i];
for (int i = 0; i < n; i++)   next[i] = ptr[i];
for (int t = 0; t < nnz; t++) {
    int k = next[r[t]]++;
    col[k] = c[t];
    val[k] = v[t];
}
```

ಮೊದಲ ಸಾಲಿನಲ್ಲಿರುವ `+ 1` ಗಮನಿಸಬೇಕಾದದ್ದು. ಸಾಲು `i`ಯ ಎಣಿಕೆಯನ್ನು ಒಂದು ಮನೆ ಮುಂದೆ ಇಡುವುದರಿಂದ, ಉದಾಹರಣೆಯ ಮಾತೃಕೆಗೆ ಎಣಿಕೆ ಮುಗಿದಾಗ `ptr`ನಲ್ಲಿ 0, 2, 1, 3, 0, 3 ಇರುತ್ತವೆ. ಸಂಚಿತ ಮೊತ್ತ ತೆಗೆದೊಡನೆ ಅವು 0, 2, 3, 6, 6, 9 ಆಗಿ, ಬೇಕಾದ ಪಟ್ಟಿ ನೇರವಾಗಿ ದೊರೆಯುತ್ತದೆ. ಇನ್ನೊಂದು ಸೂಕ್ಷ್ಮವಿರುವುದು `next` ಎಂಬ ನಕಲಿನಲ್ಲಿ. ಜಾಗ ಉಳಿಸುವ ಆಸೆಯಿಂದ ನಕಲನ್ನು ಬಿಟ್ಟು `ptr`ಅನ್ನೇ ಒಂದೊಂದಾಗಿ ಹೆಚ್ಚಿಸುತ್ತ ಹೋದರೆ ಅಂಶಗಳೇನೋ ಸರಿಯಾದ ಸ್ಥಾನಗಳಲ್ಲೇ ಕೂರುತ್ತವೆ, ಆದರೆ ಕೆಲಸ ಮುಗಿಯುವ ಹೊತ್ತಿಗೆ ಪ್ರತಿ ಸಾಲಿನ ಆರಂಭಸ್ಥಾನವಿದ್ದ ಮನೆಯಲ್ಲಿ ಅದರ ಅಂತ್ಯಸ್ಥಾನ ಬಂದು ಕೂತಿರುತ್ತದೆ, ಪಟ್ಟಿಯು 2, 3, 6, 6, 9, 9 ಆಗಿಬಿಟ್ಟಿರುತ್ತದೆ. ಹಾಗೆ ಮಾಡಲೇಬೇಕೆಂದಿದ್ದರೆ ಕೊನೆಯಲ್ಲಿ ಇಡೀ ಪಟ್ಟಿಯನ್ನು ಒಂದು ಮನೆ ಬಲಕ್ಕೆ ಸರಿಸಿ ಮೊದಲ ಮನೆಗೆ ಸೊನ್ನೆ ಹಾಕಬೇಕು.

ಒಂದೇ ಸ್ಥಾನಕ್ಕೆ ಎರಡು ತ್ರಿವಳಿಗಳು ಬಂದರೆ ಏನಾಗುತ್ತದೆ ಎಂಬ ಪ್ರಶ್ನೆ ಸಹಜ. ಕಟ್ಟಡ ಅಥವಾ ಯಂತ್ರಭಾಗಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ವಿಧಾನದಲ್ಲಿ ಪ್ರತಿ ತುಂಡೂ ತನ್ನ ಪಾಲನ್ನು ಸೇರಿಸುತ್ತ ಹೋಗುವುದರಿಂದ ಹೀಗಾಗುವುದೇ ನಿಯಮ. ಅಲ್ಲಿ ಆ ಬೆಲೆಗಳು ಕೂಡಿಕೊಳ್ಳಬೇಕೆಂಬುದೇ ಉದ್ದೇಶ. ಸದಿಶದೊಂದಿಗೆ ಗುಣಿಸುವ ಮಟ್ಟಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಎರಡು ಭಾಗಗಳನ್ನೂ ಸದಿಶದ ಒಂದೇ ಬೆಲೆಯಿಂದ ಬೇರೆ ಬೇರೆಯಾಗಿ ಗುಣಿಸಿ ಕೂಡಿದರೂ, ಕೂಡಿ ಗುಣಿಸಿದರೂ ಉತ್ತರ ಒಂದೇ. ಸಾಲಿನೊಳಗೆ ಕಂಬಸಾಲುಗಳು ಏರಿಕೆಯ ಕ್ರಮದಲ್ಲಿ ಇಲ್ಲದಿದ್ದರೂ ಗುಣಾಕಾರ ಕೆಡುವುದಿಲ್ಲ. ಆದರೆ ನಿರ್ದಿಷ್ಟ ಸ್ಥಾನದ ಅಂಶವನ್ನು ಹುಡುಕಿ ಓದುವ ಅಥವಾ ಎರಡು ಮಾತೃಕೆಗಳನ್ನು ಕೂಡುವ ಪ್ರೋಗ್ರಾಂಗಳು ಕ್ರಮವನ್ನೂ ಅನನ್ಯತೆಯನ್ನೂ ನಂಬಿಕೊಂಡಿರಬಹುದು, ಹಾಗಾಗಿ ಕಟ್ಟುವ ಹಂತದಲ್ಲೇ ಪ್ರತಿ ಸಾಲನ್ನೂ ವಿಂಗಡಿಸಿ ನಕಲುಗಳನ್ನು ಒಗ್ಗೂಡಿಸಿಬಿಡುವುದು ಮೇಲು.

ಗುಣಾಕಾರ

ಮೂರು ಪಟ್ಟಿಗಳು ಸಿದ್ಧವಾದ ಮೇಲೆ ಗುಣಾಕಾರಕ್ಕೆ ಬೇಕಾದದ್ದು ಐದಾರು ಸಾಲಿನ ಪ್ರೋಗ್ರಾಂ. ಹೊರಗಿನ ಲೂಪ್ ಅಡ್ಡಸಾಲುಗಳ ಮೇಲೆ ಸಾಗುತ್ತದೆ, ಒಳಗಿನದು ಆ ಸಾಲಿಗೆ ಸೇರಿದ ಅಂಶಗಳ ಮೇಲೆ ಮಾತ್ರ ಸಾಗುತ್ತದೆ. ಪ್ರತಿ ಅಂಶವು ಯಾವ ಕಂಬಸಾಲಿನದು ಎಂದು `col`ನಿಂದ ತಿಳಿದುಕೊಂಡು, `x` ಸದಿಶದಲ್ಲಿ ಅದೇ ಕ್ರಮಸಂಖ್ಯೆಯ ಬೆಲೆಯನ್ನು ತಂದು ಗುಣಿಸಿ, ಮೊತ್ತಕ್ಕೆ ಕೂಡಿಸುತ್ತದೆ.

```c
for (int i = 0; i < n; i++) {
    double s = 0.0;
    for (int k = ptr[i]; k < ptr[i + 1]; k++)
        s += val[k] * x[col[k]];
    y[i] = s;
}
```

`x` ಸದಿಶದ ಬೆಲೆಗಳು 1, 2, 3, 4, 5 ಎಂದಿಟ್ಟುಕೊಂಡು ಉದಾಹರಣೆಯನ್ನು ನಡೆಸಿದರೆ, ಸೊನ್ನೆಯ ಕ್ರಮಸಂಖ್ಯೆಯ ಸಾಲಿನಲ್ಲಿ `k` 0 ಮತ್ತು 1 ಆಗುತ್ತದೆ; 4 × 1 ಮತ್ತು 1 × 4 ಸೇರಿ 8. ಅದರ ಮುಂದಿನ ಸಾಲಿನಲ್ಲಿ ಇರುವುದು ಒಂದೇ ಅಂಶ, 3 × 2 = 6. ಎರಡನೆಯ ಕ್ರಮಸಂಖ್ಯೆಯ ಸಾಲಿನಲ್ಲಿ `k` 3ರಿಂದ 5ರವರೆಗೆ ಸಾಗಿ 2 × 1, 5 × 3, 6 × 5 ಸೇರಿ 47 ಬರುತ್ತದೆ. ಖಾಲಿ ಸಾಲಿನಲ್ಲಿ `k` 6ರಿಂದ ಆರಂಭವಾಗಿ 6ಕ್ಕಿಂತ ಕಡಿಮೆ ಇರಬೇಕಾದ್ದರಿಂದ ಒಳಗಿನ ಲೂಪ್ ಒಮ್ಮೆಯೂ ನಡೆಯದೆ, `s`ನಲ್ಲಿದ್ದ ಸೊನ್ನೆಯೇ ಉತ್ತರವಾಗಿ ಹೋಗುತ್ತದೆ. ಕೊನೆಯ ಸಾಲು 7 × 2, 8 × 4, 9 × 5 ಸೇರಿ 91. ಅಂದರೆ ಉತ್ತರದ ಸದಿಶ 8, 6, 47, 0, 91. ಇಪ್ಪತ್ತೈದು ಗುಣಾಕಾರಗಳ ಕೆಲಸ ಒಂಬತ್ತರಲ್ಲಿ ಮುಗಿಯಿತು. ಫಲಕದ ಮಾತೃಕೆಯಲ್ಲಿ ಇದೇ ಅನುಪಾತ ಸುಮಾರು ಎರಡು ಲಕ್ಷಕ್ಕೆ ಒಂದು.

ಪ್ರೋಗ್ರಾಂ ಚಿಕ್ಕದಾದರೂ ಅದರಲ್ಲಿ ತಪ್ಪಲು ಎಡೆಯಿದೆ, ಮತ್ತು ಒಂದೊಂದು ತಪ್ಪೂ ಉತ್ತರದಲ್ಲಿ ತನ್ನದೇ ಗುರುತನ್ನು ಬಿಟ್ಟುಹೋಗುತ್ತದೆ. `s`ಅನ್ನು ಪ್ರತಿ ಸಾಲಿನ ಆರಂಭದಲ್ಲಿ ಸೊನ್ನೆ ಮಾಡದಿದ್ದರೆ 8, 14, 61, 61, 152 ಎಂಬ, ಹಿಂದಿನದನ್ನೆಲ್ಲ ಹೊತ್ತುಕೊಂಡು ಬೆಳೆಯುವ ಉತ್ತರ ಬರುತ್ತದೆ. ಕಟ್ಟುವಾಗ `ptr`ಅನ್ನು ಕೆಡಿಸಿ 2, 3, 6, 6, 9, 9 ಮಾಡಿದ್ದರೆ 6, 47, 0, 91, 0 ಬರುತ್ತದೆ, ಅಂದರೆ ಸರಿಯಾದ ಉತ್ತರವೇ ಒಂದು ಸಾಲು ಮೇಲಕ್ಕೆ ಸರಿದು, ಮೊದಲ ಸಾಲಿನ 8 ಕಾಣೆಯಾಗಿರುತ್ತದೆ. ಎಣಿಕೆಯನ್ನು ಒಂದರಿಂದ ಆರಂಭಿಸುವ ಫೋರ್ಟ್ರಾನ್ ಪ್ರೋಗ್ರಾಂನಿಂದ ಅಥವಾ ಮ್ಯಾಟ್ರಿಕ್ಸ್ ಮಾರ್ಕೆಟ್ ಮಾದರಿಯ ಕಡತದಿಂದ ತ್ರಿವಳಿಗಳನ್ನು ತಂದು, ಕಂಬಸಾಲುಗಳಿಂದ ಒಂದನ್ನು ಕಳೆಯಲು ಮರೆತರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು: ಕೊನೆಯ ಕಂಬಸಾಲಿನ ಅಂಶಕ್ಕೆ `x[5]` ಬೇಕಾಗುತ್ತದೆ, ಸಿ ಭಾಷೆಯು ಇಲ್ಲದ ಆ ಮನೆಯ ಕಸವನ್ನೇ ಓದಿ ತುಟಿಪಿಟಕ್ಕೆನ್ನದೆ ಉತ್ತರವನ್ನು ಕೊಟ್ಟುಬಿಡಬಹುದು. ಮ್ಯಾಟ್ರಿಕ್ಸ್ ಮಾರ್ಕೆಟ್ ಕಡತದ ತಲೆಸಾಲಿನಲ್ಲಿ `symmetric` ಎಂದಿದ್ದರೆ ಅದರಲ್ಲಿ ಕರ್ಣ ಮತ್ತು ಅದರ ಕೆಳಗಿನ ಅರ್ಧ ಮಾತ್ರ ಇರುತ್ತದೆ ಎಂಬುದನ್ನೂ ನೆನಪಿಡಬೇಕು. ಫಲಕದ ಮಾತೃಕೆಯ ಅಂಥ ಕಡತದಲ್ಲಿ 49,96,000ರ ಬದಲು 29,98,000 ತ್ರಿವಳಿಗಳಷ್ಟೇ ಇದ್ದು, ಕರ್ಣದ ಹೊರಗಿನ ಪ್ರತಿಯೊಂದನ್ನೂ ಅಡ್ಡಸಾಲು ಕಂಬಸಾಲು ಅದಲುಬದಲು ಮಾಡಿ ಇನ್ನೊಮ್ಮೆ ಸೇರಿಸಬೇಕಾಗುತ್ತದೆ.

ಪೈಥಾನಿನಲ್ಲಿ ಸೈಪೈ ಇರುವವರು ಸ್ವಂತ ಪ್ರೋಗ್ರಾಂನ ಉತ್ತರವನ್ನು ಹೀಗೆ ತಾಳೆ ನೋಡಬಹುದು:

```python
import numpy as np
from scipy.sparse import csr_matrix
A = csr_matrix((val, col, ptr), shape=(5, 5))
print(A @ np.array([1, 2, 3, 4, 5]))
```

ಇಲ್ಲಿ `shape` ಕೊಡದಿದ್ದರೆ ಸೈಪೈಯು ಕಂಬಸಾಲುಗಳ ಸಂಖ್ಯೆಯನ್ನು `col`ನ ಅತಿ ದೊಡ್ಡ ಬೆಲೆಯಿಂದ ಊಹಿಸಿಕೊಳ್ಳುವುದರಿಂದ, ಕೊನೆಯ ಕಂಬಸಾಲು ಪೂರ್ತಿ ಖಾಲಿಯಿರುವ ಮಾತೃಕೆಯು ಒಂದು ಕಂಬಸಾಲು ಕಿರಿದಾಗಿ, ಗುಣಾಕಾರವೇ ನಿಂತುಹೋಗುತ್ತದೆ. ಇನ್ನು ದಶಮಾಂಶ ಸಂಖ್ಯೆಗಳಲ್ಲಿ ಕೂಡುವ ಕ್ರಮ ಬದಲಾದರೆ ಕೊನೆಯ ಒಂದೆರಡು ಅಂಕಿಗಳು ಬದಲಾಗುವುದು ಸಹಜವಾದ್ದರಿಂದ, ಎರಡು ಉತ್ತರಗಳು ಅಕ್ಷರಶಃ ಸಮವೇ ಎಂದು ಕೇಳದೆ, ಅವುಗಳ ವ್ಯತ್ಯಾಸವು ತೀರ ಸಣ್ಣದೇ ಎಂದು ಕೇಳಬೇಕು.

ದೊಡ್ಡ ಮಾತೃಕೆಯನ್ನು ಪರೀಕ್ಷಿಸುವ ಬಗೆ

ಐದು ಸಾಲಿನ ಮಾತೃಕೆಯನ್ನು ಕಣ್ಣಿನಿಂದಲೇ ನೋಡಿ ತಾಳೆ ಹಾಕಬಹುದು. ಹತ್ತು ಲಕ್ಷ ಸಾಲಿನದನ್ನು ಹಾಗೆ ನೋಡಲಾಗದು, ಅದಕ್ಕೆ ಬೇರೆ ಉಪಾಯ ಬೇಕು. ಮೊದಲ ಪರೀಕ್ಷೆ ಎಣಿಕೆಯದು. ಪ್ರತಿ ಬಿಂದುವಿಗೂ ನಾಲ್ಕು ನೆರೆ ಇದ್ದಿದ್ದರೆ ಅಂಶಗಳು 50 ಲಕ್ಷ ಇರುತ್ತಿದ್ದವು. ನಾಲ್ಕು ಅಂಚುಗಳಲ್ಲಿ ತಲಾ ಸಾವಿರ ನೆರೆಗಳು ಇಲ್ಲವಾದ್ದರಿಂದ ಉಳಿಯುವುದು 49,96,000. `ptr`ನ ಕೊನೆಯ ಸಂಖ್ಯೆ ಇದೇ ಆಗಿರಬೇಕು. ಅಲ್ಲಿ 49,97,998 ಕಂಡರೆ ಅದರ ಕಾರಣವನ್ನೂ ಹೇಳಿಬಿಡಬಹುದು: ಬಿಂದುಗಳಿಗೆ ಸಾಲುಸಾಲಾಗಿ ಕ್ರಮಸಂಖ್ಯೆ ಕೊಟ್ಟಾಗ 999ನೆಯ ಬಿಂದು ಮೊದಲ ಸಾಲಿನ ಬಲ ತುದಿಯಲ್ಲೂ 1000ನೆಯದು ಮುಂದಿನ ಸಾಲಿನ ಎಡ ತುದಿಯಲ್ಲೂ ಇರುತ್ತವೆ, ಸಂಖ್ಯೆಯಲ್ಲಿ ಅಕ್ಕಪಕ್ಕವಾದರೂ ಫಲಕದ ಮೇಲೆ ಅವು ನೆರೆಯವಲ್ಲ. ಇದನ್ನು ಗಮನಿಸದೆ `k + 1` ಮತ್ತು `k - 1` ಎಂದಷ್ಟೇ ಬರೆದವರ ಮಾತೃಕೆಯಲ್ಲಿ ಇಂಥ 999 ಸುಳ್ಳು ಜೋಡಿಗಳು, ಅಂದರೆ 1,998 ಹೆಚ್ಚುವರಿ ಅಂಶಗಳು ಸೇರಿಕೊಂಡಿರುತ್ತವೆ.

ಎರಡನೆಯದು, ಎಲ್ಲ ಬೆಲೆಗಳೂ 1 ಆಗಿರುವ ಸದಿಶದಿಂದ ಗುಣಿಸುವುದು. ಆಗ ಪ್ರತಿ ಸಾಲಿನ ಉತ್ತರ ಆ ಸಾಲಿನ ಅಂಶಗಳ ಮೊತ್ತ. ಫಲಕದ ಒಳಗಿನ ಬಿಂದುಗಳಲ್ಲಿ 4 ಮತ್ತು ನಾಲ್ಕು -1 ಸೇರಿ ಸೊನ್ನೆ, ಅಂಚಿನವುಗಳಲ್ಲಿ 1, ಮೂಲೆಯ ನಾಲ್ಕು ಬಿಂದುಗಳಲ್ಲಿ 2 ಬರಬೇಕು, ಎಲ್ಲವನ್ನೂ ಕೂಡಿದರೆ 4,000 ಆಗಬೇಕು. ಈ ಪರೀಕ್ಷೆ ಅನೇಕರಿಗೆ ಪ್ರಿಯವಾದದ್ದು, ಆದರೆ ಅದನ್ನೊಂದನ್ನೇ ನೆಚ್ಚಿಕೊಳ್ಳುವುದು ಸಲ್ಲ. `x`ನ ಎಲ್ಲ ಬೆಲೆಗಳೂ ಒಂದೇ ಆಗಿರುವಾಗ `col`ನಲ್ಲಿ ಯಾವ ಸಂಖ್ಯೆ ಇದ್ದರೂ ಉತ್ತರ ಬದಲಾಗದು. ಕಂಬಸಾಲುಗಳೆಲ್ಲ ಅಸ್ತವ್ಯಸ್ತವಾಗಿದ್ದರೂ ಮಾತೃಕೆ ತೇರ್ಗಡೆಯಾಗಿಬಿಡುತ್ತದೆ.

ಆ ಕೊರತೆಯನ್ನು ತುಂಬುವುದು ಮೂರನೆಯ ಪರೀಕ್ಷೆ. ಒಂದು ಸ್ಥಾನದಲ್ಲಿ ಮಾತ್ರ 1 ಇದ್ದು ಉಳಿದೆಡೆ ಸೊನ್ನೆಯಿರುವ ಸದಿಶದಿಂದ ಗುಣಿಸಿದರೆ ಮಾತೃಕೆಯ ಆ ಕಂಬಸಾಲೇ ಉತ್ತರವಾಗಿ ಹೊರಬರುತ್ತದೆ. ಫಲಕದ ನಟ್ಟನಡುವಿನ 5,00,500ನೆಯ ಸ್ಥಾನದಲ್ಲಿ 1 ಇಟ್ಟರೆ ಉತ್ತರದಲ್ಲಿ ಅದೇ ಸ್ಥಾನದಲ್ಲಿ 4 ಇರಬೇಕು. 4,99,500, 5,00,499, 5,00,501 ಮತ್ತು 5,01,500ನೆಯ ಸ್ಥಾನಗಳಲ್ಲಿ -1 ಇರಬೇಕು. ಬೇರೆಲ್ಲೂ ಏನೂ ಇರಬಾರದು. ಆ 4 ಎಂಬುದು 5,00,499ರಲ್ಲಿ ಕಾಣಿಸಿಕೊಂಡರೆ ಕಂಬಸಾಲುಗಳೆಲ್ಲ ಒಂದು ಹೆಚ್ಚಾಗಿ ದಾಖಲಾಗಿವೆ ಎಂದೇ ಅರ್ಥ. ನಡುವಿನ ಒಂದು, ಅಂಚಿನ ಒಂದು, ಮೂಲೆಯ ಒಂದು ಹೀಗೆ ಮೂರು ಕಡೆ ನೋಡಿದರೆ ಹೆಚ್ಚಿನ ತಪ್ಪುಗಳು ಸಿಕ್ಕಿಬೀಳುತ್ತವೆ.

ಇನ್ನೂ ದೊಡ್ಡ ಜಾಲಗಳಲ್ಲಿ ಪೂರ್ಣಾಂಕದ ಮಿತಿಯೇ ಅಡ್ಡ ಬರುತ್ತದೆ. 4 ಬೈಟ್‌ನ ಪೂರ್ಣಾಂಕವು 2,14,74,83,647ಕ್ಕಿಂತ ಮೇಲಿನ ಸಂಖ್ಯೆಯನ್ನು ಹಿಡಿಯಲಾರದು. ಒಂದು ಬದಿಗೆ 20,800 ಬಿಂದುಗಳ ಜಾಲ ತೆಗೆದುಕೊಂಡರೆ ಅಂಶಗಳ ಸಂಖ್ಯೆ ಈ ಮಿತಿಯನ್ನು ದಾಟಿ, `ptr`ನ ಕೊನೆಯ ಭಾಗದಲ್ಲಿ ಋಣಸಂಖ್ಯೆಗಳು ಕಾಣಿಸಿಕೊಳ್ಳುತ್ತವೆ. ಆಗ `ptr`, `next`, `nnz` ಮತ್ತು ಲೂಪ್‌ಗಳ `k`, `t`ಗಳನ್ನು 8 ಬೈಟ್‌ಗೆ ಹಿಗ್ಗಿಸಿದರೆ ಸಾಕು. ಕಂಬಸಾಲುಗಳು ಸುಮಾರು 43 ಕೋಟಿಯಷ್ಟೇ ಇರುವುದರಿಂದ `col` 4 ಬೈಟ್‌ನಲ್ಲೇ ಉಳಿಯಬಹುದು, ಉಳಿಯುವುದೇ ಲಾಭ.

ಕಾಲ ಹೋಗುವುದು ಎಲ್ಲಿ

ಲಾಭ ಏಕೆಂದರೆ ಈ ಗುಣಾಕಾರದಲ್ಲಿ ಹೊತ್ತು ಹಿಡಿಯುವುದು ಗುಣಿಸುವ ಕೆಲಸವಲ್ಲ, ತರುವ ಕೆಲಸ. ಫಲಕದ ಮಾತೃಕೆಯ ಒಂದು ಗುಣಾಕಾರದಲ್ಲಿ ನಡೆಯುವ ಗುಣಿಸುವಿಕೆ ಮತ್ತು ಕೂಡುವಿಕೆಗಳು ಒಟ್ಟು ಸುಮಾರು ಒಂದು ಕೋಟಿ. ಅದಕ್ಕಾಗಿ ಮೆಮೊರಿಯಿಂದ ಮೂರು ಪಟ್ಟಿಗಳ 64 ಮೆಗಾಬೈಟ್, ಜೊತೆಗೆ `x` ಮತ್ತು `y`ಗಳ ತಲಾ 8 ಮೆಗಾಬೈಟ್, ಹೀಗೆ 80 ಮೆಗಾಬೈಟ್ ಓಡಾಡಬೇಕು. ಮೆಮೊರಿಯು ಸೆಕೆಂಡಿಗೆ 20 ಗಿಗಾಬೈಟ್ ಒದಗಿಸಬಲ್ಲ ಯಂತ್ರದಲ್ಲಿ ಅಷ್ಟನ್ನು ತರುವುದಕ್ಕೇ 4 ಮಿಲಿಸೆಕೆಂಡ್ ಬೇಕು, ಅಂದರೆ ಸೆಕೆಂಡಿಗೆ 250 ಕೋಟಿ ಲೆಕ್ಕಗಳ ವೇಗ. ಇಂದಿನ ಪ್ರೊಸೆಸರ್ ಅದರ ಹಲವು ಪಟ್ಟು ವೇಗದಲ್ಲಿ ಲೆಕ್ಕ ಮಾಡಬಲ್ಲದಾದರೂ ಸಂಖ್ಯೆಗಳು ಬರುವುದನ್ನು ಕಾಯುತ್ತ ಕೂರುತ್ತದೆ. ಪ್ರತಿ ಅಂಶಕ್ಕೆ ಬೇಕಾದ 12 ಬೈಟ್‌ಗಳಲ್ಲಿ `col`ನ ಪಾಲು 4; ಅದನ್ನು 8 ಮಾಡಿದರೆ ಓಡಾಟ ಮೂರನೆಯ ಒಂದರಷ್ಟು ಹೆಚ್ಚುತ್ತದೆ.

ಮೂರು ಪಟ್ಟಿಗಳನ್ನು ಮೊದಲಿನಿಂದ ಕೊನೆಯವರೆಗೆ ನೇರವಾಗಿ ಓದಿಕೊಂಡು ಹೋಗುವುದರಿಂದ ಅಲ್ಲಿ ವ್ಯರ್ಥವಾಗುವುದೇನೂ ಇಲ್ಲ. ತೊಡಕಿರುವುದು `x[col[k]]` ಎಂಬಲ್ಲಿ, ಏಕೆಂದರೆ `x`ನ ಯಾವ ಮನೆಗೆ ಹೋಗಬೇಕೆಂಬುದು `col` ಓದಿದ ಮೇಲಷ್ಟೇ ಗೊತ್ತಾಗುತ್ತದೆ. ಪ್ರೊಸೆಸರು ತನ್ನ ಪಕ್ಕದಲ್ಲಿರುವ ಕ್ಯಾಶ್ ಎಂಬ ಸಣ್ಣ, ವೇಗದ ಮೆಮೊರಿಗೆ ಸಾಮಾನ್ಯವಾಗಿ 64 ಬೈಟ್‌ಗಳನ್ನು ಒಟ್ಟಿಗೆ ಎಳೆದುಕೊಳ್ಳುತ್ತದೆ. ಸಾಲುಸಾಲಾಗಿ ಸಂಖ್ಯೆ ಕೊಟ್ಟ ಫಲಕದಲ್ಲಿ ಮೇಲಿನ ಮತ್ತು ಕೆಳಗಿನ ನೆರೆಗಳು ಸಾವಿರ ಸ್ಥಾನ, ಅಂದರೆ 8,000 ಬೈಟ್ ದೂರದಲ್ಲಿರುವುದರಿಂದ, ಯಾವುದೇ ಹೊತ್ತಿನಲ್ಲಿ ಬೇಕಾಗುವ `x`ನ ಭಾಗ ಹೆಚ್ಚೆಂದರೆ ಮೂರು ಸಾಲುಗಳಷ್ಟು, ಸುಮಾರು 24,000 ಬೈಟ್. ಇದು ಕ್ಯಾಶಿನಲ್ಲೇ ನಿಲ್ಲಬಲ್ಲ ಗಾತ್ರ. ಅದೇ ಬಿಂದುಗಳಿಗೆ ಮನಬಂದಂತೆ ಸಂಖ್ಯೆ ಕೊಟ್ಟಿದ್ದರೆ ಮಾತೃಕೆ ಗಣಿತದ ದೃಷ್ಟಿಯಿಂದ ಅದೇ ಆಗಿದ್ದರೂ, ಪ್ರತಿ ಅಂಶಕ್ಕೂ 64 ಬೈಟ್ ತಂದು 8ನ್ನು ಮಾತ್ರ ಬಳಸುವಂತಾಗಿ ಗುಣಾಕಾರ ಕುಂಟುತ್ತದೆ. ಅಂಥಲ್ಲಿ ನೆರೆಬಿಂದುಗಳಿಗೆ ಹತ್ತಿರದ ಸಂಖ್ಯೆಗಳು ಸಿಗುವಂತೆ ಮರುಎಣಿಕೆ ಮಾಡಬೇಕು. ಕಟ್‌ಹಿಲ್ ಮತ್ತು ಮೆಕೀ 1969ರಲ್ಲಿ ಕೊಟ್ಟ ವಿಧಾನದ ತಿರುವುಮುರುವು ರೂಪವು ಸೈಪೈಯಲ್ಲಿ `reverse_cuthill_mckee` ಎಂಬ ಹೆಸರಿನಲ್ಲಿ ದೊರೆಯುತ್ತದೆ. ನೂರಾರು ಸಲ ಗುಣಿಸುವುದಿದ್ದರೆ ಒಮ್ಮೆ ಮಾಡುವ ಈ ಖರ್ಚು ಸಾರ್ಥಕ, ಹತ್ತಾರು ಸಲಕ್ಕೆ ಅನುಮಾನ.

ಕೆಲಸವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚುವಾಗ ಸಿಎಸ್ಆರ್ ಅನುಕೂಲಕರ, ಏಕೆಂದರೆ `y`ನ ಪ್ರತಿ ಮನೆಯನ್ನೂ ಒಂದೇ ಅಡ್ಡಸಾಲು ಬರೆಯುವುದರಿಂದ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಆದರೆ ಕೆಲವೇ ಸಾಲುಗಳಲ್ಲಿ ಲಕ್ಷಾಂತರ ಅಂಶಗಳಿರುವ ಮಾತೃಕೆಯನ್ನು ಸಾಲುಗಳ ಸಂಖ್ಯೆಯಿಂದ ಸಮಪಾಲು ಮಾಡಿದರೆ ಒಬ್ಬರು ದುಡಿಯುವಾಗ ಉಳಿದವರು ಸುಮ್ಮನಿರಬೇಕಾಗುತ್ತದೆ. `ptr`ಅನ್ನು ನೋಡಿ ಅಂಶಗಳ ಸಂಖ್ಯೆಯಿಂದಲೇ ಪಾಲು ಮಾಡುವುದು ಸರಿ.

ಕೊನೆಯದಾಗಿ, ಇಷ್ಟು ಹೊತ್ತು ಉದಾಹರಣೆಯಾಗಿದ್ದ ಫಲಕದ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅದು ಎಲ್ಲೆಡೆ ಒಂದೇ ಲೋಹದಿಂದಾದ, ರಂಧ್ರಗಳಿಲ್ಲದ ಚೌಕವೇ ಆಗಿದ್ದರೆ ಪ್ರತಿ ಸಾಲಿನಲ್ಲೂ ಅವವೇ 4 ಮತ್ತು -1 ಇರುವುದರಿಂದ, ಮಾತೃಕೆಯನ್ನು ಎಲ್ಲೂ ಬರೆದಿಡದೆ ಬಿಂದುವಿನ ನಾಲ್ಕು ಪಟ್ಟಿನಿಂದ ನೆರೆಗಳನ್ನು ಕಳೆಯುವ ಎರಡು ಲೂಪ್‌ಗಳನ್ನು ನೇರವಾಗಿ ಬರೆದರೆ ಆ 64 ಮೆಗಾಬೈಟಿನ ಓಡಾಟವೂ ತಪ್ಪುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ಫಲಕದಲ್ಲಿ ರಂಧ್ರ ಕೊರೆದಿದ್ದರೆ, ಎರಡು ಲೋಹಗಳನ್ನು ಬೆಸೆದಿದ್ದರೆ, ಅಥವಾ ಬಿಂದುಗಳು ಚೌಕುಳಿಯಾಗಿಲ್ಲದೆ ಅಡ್ಡಾದಿಡ್ಡಿಯಾಗಿದ್ದರೆ ಆ ಸುಲಭದ ದಾರಿ ಮುಚ್ಚುತ್ತದೆ. ಮೂರು ಪಟ್ಟಿಗಳ ಈ ಸಂಗ್ರಹವನ್ನು ಕಟ್ಟಬೇಕಾದದ್ದು ಆಗ.